ಶಾಲೆಯ ಪರವಾಗಿ ಮಾತಾಡುವ ಹಕ್ಕು ಯಾರದು?

ಶಾಲೆಯ ಫೇಸ್‌ಬುಕ್ ಪೇಜು ಇದ್ದಕ್ಕಿದ್ದಂತೆ ಕಾಣೆಯಾಗುತ್ತದೆ. ಅದು ಬೇರೆಯವರ ಸೋಗು ಹಾಕಿದೆ ಎಂದು ಯಾರೋ ದೂರು ಕೊಟ್ಟಿದ್ದಾರೆ, ಅದಕ್ಕೇ ತೆಗೆಯಲಾಗಿದೆ ಎಂಬ ಚುಟುಕು ಸೂಚನೆ ಬಿಟ್ಟರೆ ಬೇರೆ ವಿವರಣೆ ಇಲ್ಲ. ಪ್ರಾಚಾರ್ಯರು ಕೂಡಲೇ ಲೆಟರ್‌ಹೆಡ್ ಮೇಲೆ ಪತ್ರ ಬರೆದು, ಸಹಿ ಹಾಕಿ, ಶಿಕ್ಕಾ ಹೊಡೆದು ಕಳಿಸುತ್ತಾರೆ: ನಮ್ಮದು ಇಷ್ಟು ವರ್ಷದ ಹಳೆಯ ಶಾಲೆ, ಸರಕಾರದ ಮಾನ್ಯತೆ ಇದೆ, ಇಷ್ಟು ಮಕ್ಕಳು ಕಲಿಯುತ್ತಿದ್ದಾರೆ, ದಯಮಾಡಿ ಪೇಜನ್ನು ಮರಳಿ ಕೊಡಿ. ಪತ್ರದಲ್ಲಿ ಸುಳ್ಳು ಎಳ್ಳಷ್ಟೂ ಇಲ್ಲ. ಆದರೂ ಅದು ಗೆಲ್ಲುವ ಪತ್ರವಲ್ಲ, ಯಾಕೆಂದರೆ ಯಾರೂ ಕೇಳದ ಪ್ರಶ್ನೆಗೆ ಅದು ಉತ್ತರ ಕೊಡುತ್ತಿದೆ. ಶಾಲೆ ಇಲ್ಲವೆಂದು ದೂರುದಾರ ಎಲ್ಲೂ ಹೇಳಿಲ್ಲ. ಶಾಲೆ ಇದೆ, ಆದರೆ ಅದರ ಹೆಸರಲ್ಲಿ ಪೇಜು ನಡೆಸುತ್ತಿರುವವರು ಬೇರೆ ಯಾರೋ ಎಂಬುದು ಅವನ ಮಾತು. ಅಸಲಿ ಇದ್ದರೆ ತಾನೇ ಅದರ ಸೋಗು ಹಾಕಲು ಸಾಧ್ಯ? ಹಾಗಾಗಿ ಶಾಲೆ ಅಸಲಿ ಎಂದು ಪ್ರಾಚಾರ್ಯರು ಎಷ್ಟು ಗಟ್ಟಿಯಾಗಿ ಸಾಧಿಸಿದರೂ ದೂರು ಅಲ್ಲಾಡುವುದಿಲ್ಲ. ಅವರು ಸಾಧಿಸಬೇಕಾದದ್ದು ಬೇರೆ.

ವ್ಯಕ್ತಿಯ ಸೋಗಿಗೂ ಸಂಸ್ಥೆಯ ಸೋಗಿಗೂ ಇರುವ ವ್ಯತ್ಯಾಸ ಇಲ್ಲಿ ಮುಖ್ಯವಾಗುತ್ತದೆ. ನನ್ನ ಹೆಸರಲ್ಲಿ ಖಾತೆ ತೆರೆದವನು ನಾನೋ ಅಲ್ಲವೋ ಎಂಬುದು ಮುಖ ನೋಡಿದರೆ, ಗುರುತಿನ ಚೀಟಿ ನೋಡಿದರೆ ಇತ್ಯರ್ಥವಾಗುತ್ತದೆ. ಶಾಲೆಗೆ ಮುಖವಿಲ್ಲ, ಬಾಯಿಯೂ ಇಲ್ಲ. ಅದರ ಹೆಸರಲ್ಲಿ ಮಾತಾಡುವವರು ಯಾವಾಗಲೂ ಬೇರೊಬ್ಬರೇ. ಇಂದು ಈ ಪ್ರಾಚಾರ್ಯರು, ವರ್ಗಾವಣೆಯಾದ ಮೇಲೆ ಇನ್ನೊಬ್ಬರು, ಪೇಜಿನ ಮಟ್ಟಿಗೆ ಬಹುಶಃ ಕಂಪ್ಯೂಟರ್ ಬಲ್ಲ ಒಬ್ಬ ಸಹಶಿಕ್ಷಕರು. ಹೀಗಿರುವಾಗ ಪೇಜು ನಡೆಸುವವರು ಶಾಲೆಯೇ ಹೌದೋ ಎಂದು ಕೇಳಿದರೆ ಉತ್ತರ ಪ್ರತಿ ಸಲವೂ ಅಲ್ಲ ಎಂದೇ ಬರುತ್ತದೆ. ಕೇಳಬೇಕಾದದ್ದು, ಅವರಿಗೆ ಮಾತಾಡುವ ಅಧಿಕಾರ ಯಾರಿಂದ ಬಂತು ಎಂದು. ಸರಕಾರಿ ಶಾಲೆಯಾದರೆ ಇಲಾಖೆಯಿಂದ ಮುಖ್ಯಸ್ಥರಿಗೆ, ಮುಖ್ಯಸ್ಥರಿಂದ ಶಿಕ್ಷಕರಿಗೆ. ಖಾಸಗಿಯಾದರೆ ನೋಂದಾಯಿತ ಸಂಘದಿಂದ ಆಡಳಿತ ಮಂಡಳಿಗೆ, ಅಲ್ಲಿಂದ ಪ್ರಾಚಾರ್ಯರಿಗೆ. ಸಂಸ್ಥೆಯ ವಿಷಯದಲ್ಲಿ ಗುರುತು ಎಂದರೆ ಈ ಅಧಿಕಾರದ ಸರಣಿ, ಅಷ್ಟೇ. ಇಷ್ಟನ್ನು ಒಪ್ಪಿದರೆ ಪತ್ರದ ಸ್ವರೂಪವೂ ಬದಲಾಗಬೇಕು, ದೂರನ್ನು ತೂಗುವ ಕ್ರಮವೂ ಬದಲಾಗಬೇಕು.

ಬಬಲೇಶ್ವರ ತಾಲ್ಲೂಕಿನ ಸಾರವಾಡದ ಒಂದು ಶಾಲೆಗೆ ಹೀಗಾದರೆ ಏನೇನು ತೊಡಕು ಬರುತ್ತದೆ ಎಂದು ಊಹಿಸಿ ನೋಡೋಣ. 2014ರ ನವೆಂಬರ್ 1ರವರೆಗೆ ಜಿಲ್ಲೆಯ ಅಧಿಕೃತ ಹೆಸರು ಬಿಜಾಪುರ, ಆಮೇಲೆ ವಿಜಯಪುರ. ಬಬಲೇಶ್ವರ ಪ್ರತ್ಯೇಕ ತಾಲ್ಲೂಕಾದದ್ದು ಅದಕ್ಕೂ ಈಚೆಗೆ. ಅಂದಮೇಲೆ ಶಾಲೆಯ ಹಳೆಯ ಮಾನ್ಯತಾ ಆದೇಶದಲ್ಲಿ ಒಂದು ವಿಳಾಸ, ಈಗಿನ ಶಿಕ್ಕಾದಲ್ಲಿ ಇನ್ನೊಂದು. ಊರಿನ ಹೆಸರನ್ನು ಇಂಗ್ಲಿಷಿನಲ್ಲಿ Saravad, Sarawad, Sarwad ಎಂದು ಮೂರು ಬಗೆಯಲ್ಲಿ ಬರೆಯುವುದುಂಟು. ಇದರ ಮೇಲೆ ನಮ್ಮ ಭಾಗದ ಸರಕಾರಿ ಶಾಲೆಗಳ ಹೆಸರುಗಳೇ ಒಂದರಂತೆ ಇನ್ನೊಂದು. ಕನ್ನಡ ಗಂಡು ಮಕ್ಕಳ ಶಾಲೆ, ಹೆಣ್ಣು ಮಕ್ಕಳ ಶಾಲೆ, ಉರ್ದು ಶಾಲೆ, ತೋಟದ ವಸ್ತಿಯ ಶಾಲೆ, ಎಲ್ಲದರ ಕೊನೆಗೂ ಅದೇ ಊರು. ಊರಿನವರಿಗೆ ಇದರಲ್ಲಿ ಗೊಂದಲವೇನೂ ಇಲ್ಲ. ಆದರೆ ದೂರದಲ್ಲೆಲ್ಲೋ ಕೂತು ದೂರು ನೋಡುವವರಿಗೆ ಇದು ಒಂದೇ ಶಾಲೆಯ ಎರಡು ಕಾಗದದಂತಲ್ಲ, ಒಂದು ಅಸಲಿ ಮತ್ತು ಒಂದು ನಕಲಿಯಂತೆ ಕಾಣುತ್ತದೆ. ದೂರು ಕೊಟ್ಟವರು ಕೇಡಿಗಳೇ ಆಗಿರಬೇಕೆಂದೂ ಇಲ್ಲ. ಹಳೆಯ ವಿದ್ಯಾರ್ಥಿಗಳು ತಮ್ಮ ವಿವರದಲ್ಲಿ ಶಾಲೆಯ ಹೆಸರು ಬರೆದುಕೊಂಡಾಗ ಫೇಸ್‌ಬುಕ್ ತಾನಾಗಿಯೇ ಒಂದು ಅನಧಿಕೃತ ಪೇಜು ಹುಟ್ಟಿಸುವುದುಂಟು. ಅದನ್ನೇ ಅಸಲಿ ಎಂದು ನಂಬಿದ ಯಾರೋ ಶಾಲೆಯ ಪೇಜನ್ನೇ ನಕಲಿ ಎಂದು ತೋರಿಸಿರಬಹುದು.

ಅದಕ್ಕಿಂತ ದೊಡ್ಡ ಕಂಟಕ ಒಳಗೇ ಇದೆ. ಪೇಜನ್ನು ಯಾರಾದರೊಬ್ಬರ ವೈಯಕ್ತಿಕ ಖಾತೆಯ ಮೂಲಕವೇ ನಡೆಸಬೇಕು. ಉತ್ಸಾಹಿ ಶಿಕ್ಷಕರೊಬ್ಬರು ತಮ್ಮ ಮೊಬೈಲಿನಿಂದ ತೆರೆದಿರುತ್ತಾರೆ, ಸಭಾ ನಡಾವಳಿಯಲ್ಲಿ ಅದರ ಉಲ್ಲೇಖವೇ ಇರುವುದಿಲ್ಲ, ಕೌನ್ಸೆಲಿಂಗ್‌ನಲ್ಲಿ ಅವರು ಬೇರೆ ತಾಲ್ಲೂಕಿಗೆ ಹೋಗುತ್ತಾರೆ. ಪೇಜು ಹೋದಾಗ ಮರುಪರಿಶೀಲನೆ ಕೋರುವ ಅವಕಾಶ ತೆರೆದುಕೊಳ್ಳುವುದು ಅಡ್ಮಿನ್ ಆದ ಆ ಶಿಕ್ಷಕರ ಪರದೆಯ ಮೇಲೆ. ಪ್ರಾಚಾರ್ಯರ ಪತ್ರ ಕಂಪನಿಯ ಕಣ್ಣಿಗೆ ಮೂರನೆಯವರ ಅರ್ಜಿ. ನಿಜವಾದ ಅಧಿಕಾರ ಇರುವವರ ಕೈಯಲ್ಲಿ ಕೀಲಿ ಇಲ್ಲ, ಕೀಲಿ ಇರುವವರಿಗೆ ಕಾಗದದ ಮೇಲೆ ಅಧಿಕಾರವಿಲ್ಲ.

ಶಾಲೆಯ ಕಡೆಯ ದೋಷವನ್ನು ಇಷ್ಟು ಒಪ್ಪಿಕೊಂಡ ಮೇಲೂ ಮುಖ್ಯ ಅನ್ಯಾಯ ಉಳಿದೇ ಇರುತ್ತದೆ. ಪುರಾವೆಯ ಭಾರ ಎರಡೂ ಕಡೆ ಸಮನಾಗಿ ಬೀಳುವುದಿಲ್ಲ. ದೂರು ಕೊಡಲು ಕೆಲವು ಗುಂಡಿ ಒತ್ತಿದರೆ ಸಾಕು. ಉತ್ತರ ಕೊಡಲು ದಾಖಲೆಗಳ ಕಟ್ಟು ಬೇಕು. ದೂರು ಯಾರದೆಂದು ಉತ್ತರ ಕೊಡುವವರಿಗೆ ತಿಳಿಯುವುದೂ ಅಪರೂಪ. ನಮ್ಮ ಕಾನೂನೂ ಅವಸರದ ಕಡೆಗೇ ವಾಲಿದೆ. ಕೇಂದ್ರ ಸರಕಾರದ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ, ವ್ಯಕ್ತಿಯೊಬ್ಬನ ನಗ್ನ ಚಿತ್ರವನ್ನೋ ತಿದ್ದಿದ ಚಿತ್ರವನ್ನೋ ಹಾಕಿದರೆ, ಅವನ ಸೋಗು ಹಾಕಿದರೆ, ದೂರು ಬಂದ 24 ಗಂಟೆಯೊಳಗೆ ಅದನ್ನು ತೆಗೆಯಲು ಕಂಪನಿ ಕ್ರಮ ಕೈಗೊಳ್ಳಬೇಕಿತ್ತು. ಆಮೇಲಿನ ತಿದ್ದುಪಡಿಗಳು ಗಡುವುಗಳನ್ನು ಬಿಗಿ ಮಾಡಿವೆಯೇ ಹೊರತು ಸಡಿಲಿಸಿಲ್ಲ. ಆ ಅವಸರಕ್ಕೆ ತಕ್ಕ ಕಾರಣವಿದೆ. ಹೆಣ್ಣುಮಗಳೊಬ್ಬಳ ತಿದ್ದಿದ ಚಿತ್ರ ಒಂದು ದಿನ ಹೆಚ್ಚು ಓಡಾಡಿದರೂ ಆದ ಹಾನಿ ತುಂಬಿಕೊಡಲಾಗದ್ದು. ಆದರೆ ಆ ಓಟದ ಗಡುವು ಇರುವುದು ವ್ಯಕ್ತಿಯ ಮಾನ ಕಾಯಲು. ಸಂಸ್ಥೆಯ ಹೆಸರಿನ ಬಗೆಗಿನ ತಕರಾರನ್ನೂ ಅದೇ ವೇಗದಲ್ಲಿ, ಅದೇ ಒಂದು ಕಡೆಯ ಮಾತು ಕೇಳಿ ಮುಗಿಸಿದರೆ, ಮಾನ ಕಾಯಲು ಮಾಡಿದ ಉಪಾಯವೇ ಬಾಯಿ ಮುಚ್ಚಿಸುವ ಉಪಾಯವಾಗುತ್ತದೆ.

ಇದಕ್ಕೆ ಮೊದಲ ಆಕ್ಷೇಪ ತೂಕದ್ದೇ ಆಗಿದೆ. ಶಾಲೆಯ ಹೆಸರಲ್ಲಿ ಪೇಜು ತೆರೆದು, ಸೀಟು ಕೊಡಿಸುತ್ತೇವೆ, ಈ ನಂಬರಿಗೆ ಫೀ ಹಾಕಿ ಎಂದು ಪಾಲಕರನ್ನು ಮೋಸ ಮಾಡುವವರು ಬಂದರೆ ವಿಚಾರಣೆ ಮುಗಿಯುವವರೆಗೆ ಕಾಯಬೇಕೆ? ಬೇಡ. ದುಡ್ಡು ಕೇಳುವ ಪೇಜನ್ನು ಮೊದಲು ತಡೆಯಬೇಕು, ಆಮೇಲೆ ಕೇಳಬೇಕು. ಆದರೆ ತಡೆಯುವುದು ಬೇರೆ, ಅಳಿಸುವುದು ಬೇರೆ. ಆ ವ್ಯತ್ಯಾಸ ಕಲಿಯಲು ಪರದೇಶಕ್ಕೆ ಹೋಗಬೇಕಾಗಿಲ್ಲ. ನಮ್ಮ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಆದ ತಿದ್ದುಪಡಿಯೇ ದಾರಿ ತೋರಿಸುತ್ತದೆ. ತನ್ನ ಕೃತಿಯನ್ನು ಯಾರೋ ಅಂತರ್ಜಾಲದಲ್ಲಿ ಇಟ್ಟಿದ್ದಾರೆಂದು ಒಡೆಯ ಲಿಖಿತ ದೂರು ಕೊಟ್ಟರೆ, ಕೊಂಡಿ ಒದಗಿಸುವ ಮಧ್ಯವರ್ತಿ ಅದನ್ನು 21 ದಿನ ತಡೆಹಿಡಿಯಬೇಕು. ಅಷ್ಟರೊಳಗೆ ದೂರುದಾರ ನ್ಯಾಯಾಲಯದ ಆದೇಶ ತರದಿದ್ದರೆ ಮಧ್ಯವರ್ತಿ ಅದನ್ನು ಮತ್ತೆ ತೆರೆಯಬಹುದು. ಮೊದಲ ನಡೆಯಲ್ಲಿ ದೂರುದಾರನನ್ನು ನಂಬಿ, ಎರಡನೆಯ ನಡೆಯಲ್ಲಿ ಭಾರವನ್ನು ಅವನ ಹೆಗಲಿಗೇ ದಾಟಿಸುವ ಏರ್ಪಾಡು ಇದು. ಹಾಡಿಗೂ ಪುಸ್ತಕಕ್ಕೂ ಇರುವ ಈ ನ್ಯಾಯ ಶಾಲೆಯ ಹೆಸರಿಗೆ ಇಲ್ಲ. ಸೋಗಿನ ದೂರು ಕೊಟ್ಟವನು ಮತ್ತೆ ಮುಖ ತೋರಿಸಬೇಕಾದ ಗಡುವೇ ಇಲ್ಲದ್ದರಿಂದ ತಾತ್ಕಾಲಿಕ ತಡೆಯೇ ಶಾಶ್ವತ ಶಿಕ್ಷೆಯಾಗುತ್ತದೆ.

ಎರಡನೆಯ ಆಕ್ಷೇಪ ಸಂಖ್ಯೆಯದು. ಕಂಪನಿಗಳಿಗೆ ಬರುವ ದೂರುಗಳಿಗೆ ಲೆಕ್ಕವಿಲ್ಲ, ಪ್ರತಿಯೊಂದನ್ನೂ ಕೋರ್ಟಿನಂತೆ ಕೂತು ಕೇಳಲಾಗದು ಎನ್ನುತ್ತಾರೆ. 2015ರ ಶ್ರೇಯಾ ಸಿಂಘಾಲ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಈ ಕಷ್ಟವನ್ನು ಗಮನಿಸಿಯೇ, ಬರುವ ಎಲ್ಲ ಕೋರಿಕೆಗಳಲ್ಲಿ ಯಾವುದು ನ್ಯಾಯ, ಯಾವುದು ಅಲ್ಲ ಎಂದು ಕಂಪನಿಗಳೇ ತೀರ್ಮಾನಿಸುವಂತಾಗಬಾರದು ಎಂಬ ಕಾರಣಕ್ಕೆ ಕೋರ್ಟಿನ ಆದೇಶ ಅಥವಾ ಸರಕಾರದ ಸೂಚನೆ ಬೇಕೆಂದು ಮಾಹಿತಿ ತಂತ್ರಜ್ಞಾನ ಕಾಯಿದೆಯ 79ನೆಯ ಕಲಮನ್ನು ಅರ್ಥೈಸಿತು. ಅಂದರೆ ಸಂಖ್ಯೆಯ ಕಷ್ಟ ದೂರನ್ನು ಸುಮ್ಮನೆ ನಂಬುವುದಕ್ಕೆ ಸಮರ್ಥನೆಯಲ್ಲ, ದೂರುದಾರನಿಂದ ಹೆಚ್ಚು ಕೇಳುವುದಕ್ಕೆ ಕಾರಣ. ಶಾಲೆಯ ಹೆಸರಲ್ಲಿ ದೂರು ಕೊಡುವವರಿಂದ ಹೆಸರು, ಹುದ್ದೆ, ಶಾಲೆಯ ಯುಡೈಸ್ ಸಂಖ್ಯೆ ಈ ಮೂರನ್ನು ಕೇಳಿದರೂ ಹುಡುಗಾಟದ ದೂರುಗಳಲ್ಲಿ ಬಹಳಷ್ಟು ಬಾಗಿಲಲ್ಲೇ ನಿಲ್ಲುತ್ತವೆ. ಇನ್ನು ಹೋದರೆ ಹೋಯಿತು, ಹೊಸ ಪೇಜು ತೆರೆಯಿರಿ ಎನ್ನುವವರೂ ಇದ್ದಾರೆ. ಆ ಸಲಹೆ ಕೇಳಿದವರು ಬಲೆಗೆ ಬೀಳುತ್ತಾರೆ. ಸೋಗಿನ ಕಾರಣಕ್ಕೆ ತೆಗೆದ ಪೇಜಿನ ಹೆಸರಲ್ಲೇ ಮತ್ತೊಂದು ಪೇಜು ಎದ್ದರೆ ಅದು ನೋಡುವವರಿಗೆ ಎರಡನೆಯ ಸೋಗಿನಂತೆಯೇ ಕಾಣುತ್ತದೆ. ಹಳೆಯ ಪೇಜಿನ ವಯಸ್ಸು ಎಂಬ ಒಳ್ಳೆಯ ಸಾಕ್ಷಿಯೂ ಕೈಬಿಟ್ಟು ಹೋಗುತ್ತದೆ.

ಹಾಗಾದರೆ ಪ್ರಾಚಾರ್ಯರ ಪತ್ರ ಹೇಗಿರಬೇಕು? ಓದುವವರು ತಮ್ಮನ್ನು ನಂಬಲಿ ಎಂದು ಕೇಳುವ ಪತ್ರ ದುರ್ಬಲ. ನಂಬದೆಯೂ ಪರೀಕ್ಷಿಸಿ ನೋಡುವಂತಿರುವ ಪತ್ರ ಬಲವಾದದ್ದು. ಲೆಟರ್‌ಹೆಡ್ಡನ್ನೂ ಶಿಕ್ಕಾವನ್ನೂ ಇಂದು ಯಾವ ಝೆರಾಕ್ಸ್ ಅಂಗಡಿಯಲ್ಲೂ ಸೃಷ್ಟಿಸಬಹುದು. ಆದರೆ 29ರಿಂದ ಶುರುವಾಗುವ 11 ಅಂಕಿಯ ಯುಡೈಸ್ ಸಂಖ್ಯೆಯನ್ನು ಕೇಂದ್ರ ಶಿಕ್ಷಣ ಸಚಿವಾಲಯದ ಪಟ್ಟಿಯಲ್ಲಿ ಯಾರು ಬೇಕಾದರೂ ಹುಡುಕಿ ಊರು, ಶಾಲೆ ತಾಳೆ ನೋಡಬಹುದು. ಹಳೆಯ ಮತ್ತು ಹೊಸ ವಿಳಾಸಗಳಿರುವ ಎರಡೂ ದಾಖಲೆ ಇಟ್ಟು, ಜಿಲ್ಲೆ ತಾಲ್ಲೂಕುಗಳ ಹೆಸರು ಬದಲಾದ ಕಾರಣವನ್ನು ಒಂದು ವಾಕ್ಯದಲ್ಲಿ ತಾವೇ ಮೊದಲು ಹೇಳಬೇಕು. ಅದನ್ನು ಓದುವವರೇ ಕಂಡುಹಿಡಿದರೆ ಅನುಮಾನವಾಗುತ್ತದೆ. ಶಾಲಾಭಿವೃದ್ಧಿ ಸಮಿತಿಯ ಇಲ್ಲವೇ ಆಡಳಿತ ಮಂಡಳಿಯ ಠರಾವು, ಅದರಲ್ಲಿ ಅಡ್ಮಿನ್ ಆದ ಶಿಕ್ಷಕರ ಹೆಸರು, ಕ್ಷೇತ್ರ ಶಿಕ್ಷಣಾಧಿಕಾರಿಯ ದೃಢೀಕರಣ, ಇವು ಅಧಿಕಾರದ ಸರಣಿಯನ್ನು ಕೊನೆಯ ಕೊಂಡಿಯವರೆಗೆ ತೋರಿಸುತ್ತವೆ. ಠರಾವು ಮೊದಲೇ ಆಗಿರದಿದ್ದರೆ ಹಿಂದಿನ ತಾರೀಖು ಹಾಕಬಾರದು. ಇಂದಿನ ತಾರೀಖಿನಲ್ಲೇ ಹಿಂದಿನ ಕೆಲಸವನ್ನು ಅನುಮೋದಿಸಬೇಕು, ಸುಳ್ಳು ತಾರೀಖು ಇಡೀ ಪತ್ರವನ್ನು ಮುಳುಗಿಸುತ್ತದೆ. ಅರ್ಜಿಯನ್ನು ಆ ಶಿಕ್ಷಕರ ಖಾತೆಯಿಂದಲೇ ಹಾಕಿಸಿ, ಪ್ರಾಚಾರ್ಯರ ಪತ್ರವನ್ನು ಲಗತ್ತಿಸುವುದು ಜಾಣತನ. ಪೇಜು ಮರಳಿ ಕೊಡದಿದ್ದರೆ ಲಿಖಿತ ಕಾರಣ ಕೊಡಿ ಎಂದು ಕೊನೆಗೆ ಕೇಳಲೇಬೇಕು. ಕಂಪನಿಯ ಕುಂದುಕೊರತೆ ಅಧಿಕಾರಿಯ ಉತ್ತರ ಒಪ್ಪಿಗೆಯಾಗದಿದ್ದರೆ, ಅದು ಕೈಸೇರಿದ 30 ದಿನದೊಳಗೆ ಕೇಂದ್ರ ಸರಕಾರ 2023ರಲ್ಲಿ ರಚಿಸಿದ ಕುಂದುಕೊರತೆ ಮೇಲ್ಮನವಿ ಸಮಿತಿಗೆ gac.gov.in ಮೂಲಕ ಹೋಗಬಹುದು. ಕಾರಣ ಕೈಯಲ್ಲಿಲ್ಲದ ಮೇಲ್ಮನವಿ ಕುರುಡಾಗಿರುತ್ತದೆ.

ಇಷ್ಟೆಲ್ಲವನ್ನು ಒಂದು ಹಳ್ಳಿಯ ಶಾಲೆ ಒಂಟಿಯಾಗಿ ಮಾಡಬೇಕೆನ್ನುವುದೂ ನ್ಯಾಯವಲ್ಲ. ಸಂಸ್ಥೆಯ ಗುರುತು ಅದರ ಅಧಿಕಾರದ ಸರಣಿಯಲ್ಲಿದೆ ಎಂದಾದರೆ, ಆ ಸರಣಿಯ ಮೇಲಿನ ತುದಿ ಹಿಡಿದವರಿಗೂ ಹೊಣೆಯಿದೆ. ಶಾಲೆಯ ಕೊಠಡಿ, ಶೌಚಾಲಯ, ಶಿಕ್ಷಕರ ಸಂಖ್ಯೆ ಎಲ್ಲವನ್ನೂ ಇಲಾಖೆ ಪ್ರತಿ ವರ್ಷ ಯುಡೈಸ್ ನಮೂನೆಯಲ್ಲಿ ತುಂಬಿಸಿಕೊಳ್ಳುತ್ತದೆ. ಶಾಲೆಯ ಅಧಿಕೃತ ಪೇಜು ಯಾವುದು, ಅದನ್ನು ಯಾವ ಹುದ್ದೆಯವರು ನೋಡಿಕೊಳ್ಳುತ್ತಾರೆ ಎಂಬುದಕ್ಕೆ ಅದೇ ಪಟ್ಟಿಯಲ್ಲಿ ಒಂದು ಅಂಕಣ ಸೇರಿಸಿದರೆ, ಸೋಗಿನ ದೂರು ಬಂದ ದಿನ ಕಂಪನಿ ಶಾಲೆಯ ಮಾತನ್ನೂ ನಂಬಬೇಕಿಲ್ಲ, ದೂರುದಾರನ ಮಾತನ್ನೂ ನಂಬಬೇಕಿಲ್ಲ. ಪಟ್ಟಿ ನೋಡಿದರೆ ಸಾಕು. ಅದು ಆಗುವವರೆಗೆ ಪ್ರಾಚಾರ್ಯರು ಪೇಜನ್ನು ಮರಳಿ ಕೇಳುವಾಗ ಒಂದು ಪ್ರಶ್ನೆಯನ್ನೂ ಕೇಳುವುದು ಅವರ ಹಕ್ಕು: ನಾವು ಯಾರ ಪರವಾಗಿ ಮಾತಾಡುತ್ತೇವೆಂದು ತೋರಿಸಿದ್ದೇವೆ, ದೂರು ಕೊಟ್ಟವರು ಯಾರ ಪರವಾಗಿ ಮಾತಾಡಿದರು?