ಪದಕದ ಸರಕ್ಕೊಂದು ಚೀಟಿ

ನಮ್ಮ ಬೀದಿಯ ನಿವೃತ್ತ ಗುಮಾಸ್ತರು ಮೊನ್ನೆ ಒಂದು ಪತ್ರದ ಕರಡು ಹಿಡಿದು ಬಂದರು. ಸೋರುವ ತಾರಸಿಯ ದುರಸ್ತಿಗೆಂದು ಹೆಂಡತಿಯ ಪದಕದ ಸರವನ್ನು ಇತ್ತೀಚೆಗೆ ಬ್ಯಾಂಕಿನಲ್ಲಿ ಅಡವಿಟ್ಟಿದ್ದಾರೆ. ಪತ್ರ ಮ್ಯಾನೇಜರಿಗೆ.

"ಮಾನ್ಯರೇ, ನಮ್ಮ ಮನೆಯವರ ಸರ ನಿಮ್ಮ ತಕ್ಕಡಿಯಲ್ಲಿ 42.6 ಗ್ರಾಂ ತೂಗಿತು. ನೀವು ಬರೆದುಕೊಂಡದ್ದು 39 ಗ್ರಾಂ. ಅಂದಿನ ಪತ್ರಿಕೆಯಲ್ಲಿದ್ದ ದರವನ್ನೂ ನೀವು ಹಿಡಿಯಲಿಲ್ಲ. ಕಾರಣ ತಿಳಿಸಬೇಕು. ಸಾಲ ತೀರಿಸಿದರೆ ಸರ ಎಷ್ಟು ದಿನಕ್ಕೆ ಕೈಗೆ ಬರುತ್ತದೆ? ಬಂದದ್ದು ಅದೇ ಸರ, ಅಷ್ಟೇ ತೂಕ ಎನ್ನಲು ನನ್ನ ಬಳಿ ಏನು ಆಧಾರ?"

ಖಾರವಾಯಿತೇ ಎಂದು ಕೇಳಿದರು. ಖಾರವೇನಿಲ್ಲ, ಎಲ್ಲ ಪ್ರಶ್ನೆಗೂ ಉತ್ತರವಿದೆ ಎಂದೆ. ರಿಸರ್ವ್ ಬ್ಯಾಂಕ್ ಚಿನ್ನದ ಸಾಲಕ್ಕೆ 2025ರ ಜೂನ್ 6ರಂದು ಹೊಸ ನಿಯಮ ಹೊರಡಿಸಿ, 2026ರ ಏಪ್ರಿಲ್ 1ರೊಳಗೆ ಜಾರಿಗೆ ತರುವಂತೆ ಬ್ಯಾಂಕುಗಳಿಗೆ ಹೇಳಿದೆ.

ಮೊದಲು ತೂಕದ ಮಾತು. ಪದಕದ ಕೆಂಪು ಹರಳು, ಅದರ ಹಿಂದೆ ತುಂಬಿದ ಅರಗು ಎಲ್ಲವೂ ತಕ್ಕಡಿಯಲ್ಲಿ ತೂಗುತ್ತವೆ, ಆದರೆ ಅವಕ್ಕೆ ಸಾಲ ಹುಟ್ಟುವುದಿಲ್ಲ. ಅವನ್ನು ಕಳೆದು ಉಳಿಯುವ ನಿವ್ವಳ ಚಿನ್ನಕ್ಕಷ್ಟೇ ಬೆಲೆ. ಅಂಗಡಿಯಲ್ಲಿ ಕೊಟ್ಟ ಮಜೂರಿಯೂ ಲೆಕ್ಕಕ್ಕಿಲ್ಲ. ಪರೀಕ್ಷಕ ಒಡವೆಯನ್ನು ಒರೆಗಲ್ಲಿಗೆ ಉಜ್ಜಿ, ಆ ಗೀರಿನ ಮೇಲೆ ಒಂದು ಹನಿ ಆಸಿಡ್ ಬಿಡುತ್ತಾನೆ. ಬೆರಕೆ ಹೆಚ್ಚಿದ್ದರೆ ಗೀರು ಮಸುಕಾಗುತ್ತದೆ. ಈ ಪರೀಕ್ಷೆ ಸಾಲ ಕೇಳಿದವರ ಕಣ್ಣೆದುರೇ ನಡೆಯಬೇಕು. ಹರಳಿಗೆ ಎಷ್ಟು ಕಳೆದಿರಿ ಎಂದು ಕೇಳಬೇಕಾದದ್ದೂ ಆಗಲೇ.

ಇನ್ನು ದರ. ಹಿಂದಿನ 30 ದಿನಗಳ ಸರಾಸರಿ ಮುಕ್ತಾಯ ದರ, ಹಿಂದಿನ ದಿನದ ಮುಕ್ತಾಯ ದರ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನೇ ಬ್ಯಾಂಕು ಹಿಡಿಯಬೇಕು. ಚಿನ್ನ ಏರುತ್ತಿರುವಾಗ ಸರಾಸರಿ ಹಿಂದೆ ಉಳಿಯುತ್ತದೆ. ಹಾಗಾಗಿ ಪತ್ರಿಕೆಯ ದರ ಹೆಚ್ಚು, ಬ್ಯಾಂಕಿನದು ಕಡಿಮೆ.

ಲೆಕ್ಕ ಸುಲಭವಾಗಲೆಂದು 22 ಕ್ಯಾರೆಟ್ ಚಿನ್ನಕ್ಕೆ ಗ್ರಾಮಿಗೆ 10,000 ರೂಪಾಯಿ ಎಂದಿಟ್ಟುಕೊಳ್ಳಿ. 39 ಗ್ರಾಮಿಗೆ 3,90,000 ರೂಪಾಯಿ. ಮನೆಖರ್ಚಿನಂಥ ಸಾಲ ಎರಡೂವರೆ ಲಕ್ಷದೊಳಗಿದ್ದರೆ ಚಿನ್ನದ ಬೆಲೆಯ ಶೇ 85, ಅದನ್ನು ಮೀರಿ ಐದು ಲಕ್ಷದವರೆಗೆ ಶೇ 80, ಅದಕ್ಕೂ ಮೇಲಾದರೆ ಶೇ 75 ಮಿತಿ. ಗುಮಾಸ್ತರ ಸರಕ್ಕೆ ಶೇ 80, ಅಂದರೆ 3,12,000. ಆದರೆ ಅವರದು ವರ್ಷದ ಕೊನೆಗೆ ಅಸಲು ಬಡ್ಡಿ ಒಟ್ಟಿಗೆ ಕಟ್ಟುವ ಸಾಲ. ಅಂಥದ್ದರಲ್ಲಿ ಕೊನೆಗೆ ಕಟ್ಟಬೇಕಾದ ಪೂರ್ತಿ ಮೊತ್ತವೇ ಆ ಮಿತಿಯೊಳಗಿರಬೇಕು. ಬಡ್ಡಿ ಶೇ 9 ಆದರೆ ಕೈಗೆ ಸಿಗುವುದು ಸುಮಾರು 2,86,000. ಉಳಿದದ್ದು ಬಡ್ಡಿಗೆಂದು ಬಿಟ್ಟ ಜಾಗ.

ಬಿಡಿಸಿಕೊಳ್ಳುವ ವಿಷಯದಲ್ಲಿ ನಿಯಮ ಗ್ರಾಹಕನ ಕಡೆಗಿದೆ. ಪೂರ್ತಿ ಸಾಲ ಕಟ್ಟಿದ ದಿನವೇ ಒಡವೆ ಕೊಡಬೇಕು. ತಪ್ಪಿದರೆ ಹೆಚ್ಚೆಂದರೆ ಏಳು ಕೆಲಸದ ದಿನ. ಬ್ಯಾಂಕಿನ ಕಾರಣದಿಂದ ಅದೂ ಮೀರಿದರೆ ದಿನಕ್ಕೆ 5,000 ರೂಪಾಯಿಯಂತೆ ಪರಿಹಾರ. ಬೀಗದ ಕೈ ಇರುವವರು ರಜೆಯಲ್ಲಿದ್ದಾರೆ ಎಂಬುದು ಬ್ಯಾಂಕಿನ ಕಾರಣವೇ. ಒಡವೆ ಬ್ಯಾಂಕಿನಲ್ಲಿದ್ದಾಗ ಜಖಂ ಆದರೆ ದುರಸ್ತಿಯ ಖರ್ಚೂ ಅವರದೇ.

"ಅದೇ ಸರ ಎನ್ನಲು ಆಧಾರ?" ಎಂದು ಅವರು ಮತ್ತೆ ಕೇಳಿದರು. ಆಧಾರ ಒಂದು ಹಾಳೆ. ಒಟ್ಟು ತೂಕ, ಹರಳು ಅರಗಿಗೆ ಕಳೆದ ತೂಕ, ನಿವ್ವಳ ತೂಕ, ಕ್ಯಾರೆಟ್, ಮೊದಲೇ ಇದ್ದ ಮುರುಕು ಅಥವಾ ದೋಷ, ಒಡವೆಯ ಚಿತ್ರ, ಅಂದಿನ ಬೆಲೆ, ಇಷ್ಟೂ ಇರುವ ಪ್ರಮಾಣಪತ್ರವನ್ನು ಬ್ಯಾಂಕು ಕೊಡಬೇಕು. ವಾಪಸು ಕೊಡುವಾಗ ಅದರೊಡನೆ ತಾಳೆ ನೋಡಿ, ನಿಮಗೆ ಒಪ್ಪಿಗೆಯಾದ ಮೇಲೆ ಒಡವೆ ಕೈಬದಲಾಗಬೇಕು.

ಗುಮಾಸ್ತರು ಪೆನ್ನು ತೆಗೆದು ಉದ್ದದ ಕರಡನ್ನು ಹೊಡೆದುಹಾಕಿ, ಕೆಳಗೆ ಒಂದೇ ಸಾಲು ಬರೆದರು: "ನಮ್ಮ ಸರದ ಪರೀಕ್ಷಾ ಪ್ರಮಾಣಪತ್ರದ ಪ್ರತಿ ದಯಪಾಲಿಸಬೇಕು."

ಒಡವೆ ಅಡವಿಟ್ಟು ಬರುವಾಗ ನೀವೂ ಆ ಹಾಳೆ ಕೇಳಿ ಪಡೆಯಿರಿ. ಕೌಂಟರಿನಿಂದ ಏಳುವ ಮೊದಲೇ ನಿವ್ವಳ ತೂಕದ ಅಂಕಿಯನ್ನೊಮ್ಮೆ ಓದಿ ನೋಡಿ.