ಲಾಭ ಎಲ್ಲಿ ತಂಗುತ್ತದೆ, ತೆರಿಗೆ ಎಲ್ಲಿ ನಿಲ್ಲಬೇಕು

ಒಂದು ಕಾರ್ಖಾನೆ ಕಂಪನಿ ವರ್ಷಕ್ಕೆ ಒಂದು ಕೋಟಿ ರೂಪಾಯಿ ಲಾಭ ಮಾಡಿತು ಎನ್ನೋಣ. ಅದರ ಷೇರುಗಳೆಲ್ಲ ಒಂದು ಹೋಲ್ಡಿಂಗ್ ಕಂಪನಿಯ ಕೈಯಲ್ಲಿವೆ. ಆ ಕಂಪನಿಯ ಷೇರುಗಳು ಇನ್ನೊಂದು ಹೋಲ್ಡಿಂಗ್ ಕಂಪನಿಯ ಬಳಿ ಇವೆ. ಎಲ್ಲಕ್ಕೂ ಮೇಲಿರುವ ಆ ಕಂಪನಿ ಒಂದು ಕುಟುಂಬದ ಹಲವು ಸದಸ್ಯರಿಗೆ ಸೇರಿದ್ದು. ಭಾರತದಲ್ಲಿ ಇಂಥ ಏರ್ಪಾಡು ಅಪರೂಪವೇನಲ್ಲ. ದುಡಿಮೆಯೆಲ್ಲ ನಡೆಯುವುದು ಕೆಳಗಿನ ಕಾರ್ಖಾನೆಯಲ್ಲಿ. ಮೇಲಿನ ಎರಡು ಕಂಪನಿಗಳ ಕೆಲಸ ಷೇರು ಹಿಡಿದುಕೊಂಡಿರುವುದಷ್ಟೇ.

ಕಾರ್ಖಾನೆ ಕಂಪನಿ ರಿಯಾಯಿತಿ ದರದ ಪದ್ಧತಿಯಲ್ಲಿದ್ದರೆ, ಸರ್ಚಾರ್ಜ್, ಸೆಸ್ ಸೇರಿ ಶೇ. 25.168 ತೆರಿಗೆ ಕಟ್ಟುತ್ತದೆ. ಉಳಿಯುವುದು 74.83 ಲಕ್ಷ. ಅದನ್ನು ಪೂರ್ತಿ ಡಿವಿಡೆಂಡ್ ಆಗಿ ಮೇಲಕ್ಕೆ ಕೊಟ್ಟಾಗ, ನಡುವಣ ಕಂಪನಿಗೆ ಅದು ಆದಾಯ. ಅಲ್ಲಿಯೂ ಅದೇ ದರ ಬಿದ್ದರೆ ಉಳಿಯುವುದು 56 ಲಕ್ಷ. ಮೇಲಿನ ಕಂಪನಿಯೂ ತೆರಿಗೆ ಕಟ್ಟಿದ ಮೇಲೆ 41.90 ಲಕ್ಷ. ಕೊನೆಗೆ ಕುಟುಂಬದವರು ಶೇ. 31.2ರ ದರದಲ್ಲಿ ತಮ್ಮ ಪಾಲಿನ ತೆರಿಗೆ ಕಟ್ಟಿದರೆ ಮನುಷ್ಯರ ಕೈಗೆ ಬರುವುದು ಸುಮಾರು 28.83 ಲಕ್ಷ. ಕಾರ್ಖಾನೆ ಒಂದು, ದುಡಿಮೆ ಒಂದು, ತೆರಿಗೆ ಮಾತ್ರ ನಾಲ್ಕು ಸಲ. ನಡುವಿನ ಎರಡು ಸುತ್ತು ಇಲ್ಲದಿದ್ದರೆ ಅದೇ ಕುಟುಂಬಕ್ಕೆ 51.48 ಲಕ್ಷ ಸಿಗುತ್ತಿತ್ತು.

ಇದಕ್ಕೆ ಪರಿಹಾರ ಸರಳ ಎಂದು ತೋರುತ್ತದೆ: ಕಂಪನಿ ಕಂಪನಿಗೆ ಕೊಡುವ ಡಿವಿಡೆಂಡ್‌ಗೆ ತೆರಿಗೆಯೇ ಬೇಡ ಎಂದುಬಿಡುವುದು. ಆದರೆ ಆ ವಿನಾಯಿತಿಯನ್ನು ಯಾವ ನ್ಯಾಯದ ಮೇಲೆ ಕೊಡುತ್ತೇವೆ ಎಂಬುದರ ಮೇಲೆ ಅದರ ರೂಪ ನಿಲ್ಲುತ್ತದೆ. ‘ಇದು ಅದೇ ಲಾಭ, ಈಗಾಗಲೇ ತೆರಿಗೆ ಕಟ್ಟಿದ ಲಾಭ’ ಎನ್ನುವುದು ಮೊದಲು ನೆನಪಾಗುವ ಉತ್ತರ. ನಮ್ಮ ಕಾಯ್ದೆ ಕಂಪನಿಯನ್ನು ಬೇರೆ ವ್ಯಕ್ತಿ ಎಂದೇ ನೋಡುತ್ತದೆ. ಬೇರೆ ವ್ಯಕ್ತಿಯ ಕೈಗೆ ಬಂದ ಹಣ ಅವನ ಆದಾಯ. ಅದು ಮೊದಲು ಯಾರ ಲಾಭವಾಗಿತ್ತು ಎಂದು ನಾವು ಬೇರೆಲ್ಲೂ ಕೇಳುವುದಿಲ್ಲ. ನನ್ನ ಸಂಬಳಕ್ಕೆ ತೆರಿಗೆ ಕಟ್ಟಿ ಉಳಿದದ್ದರಲ್ಲಿ ವಕೀಲರಿಗೆ ಶುಲ್ಕ ಕೊಟ್ಟರೆ, ಅವರು ಮತ್ತೆ ತೆರಿಗೆ ಕಟ್ಟುತ್ತಾರೆ. ‘ಅದೇ ಹಣ’ ಎಂಬ ವಾದ ಅಲ್ಲಿ ನಡೆಯದು. ಹಾಗಿದ್ದರೆ ಹೋಲ್ಡಿಂಗ್ ಕಂಪನಿಯಲ್ಲಿ ಮಾತ್ರ ಏಕೆ ನಡೆಯಬೇಕು?

ಅಮೆರಿಕ ಒಮ್ಮೆ ಬೇಕೆಂದೇ ಇಂಥ ವಿನಾಯಿತಿಗೆ ತಿರುಗೇಟು ಕೊಟ್ಟಿತು. ಅಲ್ಲಿ ವಿದ್ಯುತ್ ಕಂಪನಿಗಳ ಮೇಲೆ ಹೋಲ್ಡಿಂಗ್ ಕಂಪನಿ, ಅದರ ಮೇಲೆ ಇನ್ನೊಂದು ಎಂದು ಪೇರಿಸಿ, ಅಲ್ಪ ಬಂಡವಾಳದಲ್ಲಿ ದೊಡ್ಡ ಸಾಮ್ರಾಜ್ಯ ಆಳುವ ರೂಢಿ ಬೆಳೆದಿತ್ತು. ಸ್ಯಾಮ್ಯುಯೆಲ್ ಇನ್ಸುಲ್ ಕಟ್ಟಿದ ಅಂಥ ಗೋಪುರ 1932ರಲ್ಲಿ ಕುಸಿದು, ಅದರ ಷೇರು ಕೊಂಡಿದ್ದ ಸಾಮಾನ್ಯ ಜನ ಕೈಸುಟ್ಟುಕೊಂಡರು. 1935ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಕಾಲದ ಕಾಯ್ದೆ, ಅಲ್ಲಿಯವರೆಗೆ ಪೂರ್ತಿ ವಿನಾಯಿತಿ ಇದ್ದ ಡಿವಿಡೆಂಡ್‌ನ ಹತ್ತನೇ ಒಂದು ಭಾಗವನ್ನು ತೆರಿಗೆಗೆ ಎಳೆಯಿತು. ಮರುವರ್ಷ ಅದು ಶೇ. 15 ಆಯಿತು. ಪ್ರತಿ ಅಂತಸ್ತಿಗೂ ಒಂದಿಷ್ಟು ಬೆಲೆ ಕಟ್ಟಿದರೆ ಅಂತಸ್ತು ಏರಿಸುವ ಆಸೆ ಇಳಿಯುತ್ತದೆ ಎಂಬುದು ಆ ಲೆಕ್ಕಾಚಾರ. ಇಂದಿಗೂ ಅಲ್ಲಿನ ರಿಯಾಯಿತಿ ಷೇರಿನ ಪಾಲಿಗೆ ತಕ್ಕಂತೆ ಮೆಟ್ಟಿಲು ಮೆಟ್ಟಿಲಾಗಿದೆ: ಪಾಲು ಶೇ. 20ಕ್ಕಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಅರ್ಧ ಡಿವಿಡೆಂಡ್‌ಗೆ, ಅಷ್ಟು ಅಥವಾ ಅದಕ್ಕಿಂತ ಹೆಚ್ಚಿದ್ದರೆ ಶೇ. 65ಕ್ಕೆ, ಒಂದೇ ಸಮೂಹದ ಕಂಪನಿಗಳಾಗಿದ್ದರೆ ಪೂರ್ತಿಗೆ.

ಆ ಪದ್ಧತಿ ಕೇಳುವ ಪ್ರಶ್ನೆ ‘ಯಾರು ಎಷ್ಟರ ಒಡೆಯರು’ ಎಂಬುದು. ಭಾರತವೂ ಕೆಲಕಾಲ ಅದೇ ದಾರಿ ಹಿಡಿದಿತ್ತು. 1997ರಿಂದ 2020ರವರೆಗೆ, ನಡುವೆ ಒಂದು ವರ್ಷ ಬಿಟ್ಟು, ಡಿವಿಡೆಂಡ್ ಹಂಚುವ ಕಂಪನಿಯೇ ವಿತರಣಾ ತೆರಿಗೆ ಕಟ್ಟಬೇಕಿತ್ತು. ಬಂದದ್ದನ್ನೇ ಮತ್ತೆ ಹಂಚುವ ನಡುವಣ ಕಂಪನಿಗೂ ಅದು ಬೀಳುತ್ತಿತ್ತು. 2008ರಲ್ಲಿ ಒಂದು ಹಂತದ ಮಟ್ಟಿಗೆ, 2012ರಲ್ಲಿ ಎಲ್ಲ ಹಂತಗಳಿಗೂ ಪರಿಹಾರ ಬಂತು. ಆದರೆ ಅದು ಅರ್ಧಕ್ಕಿಂತ ಹೆಚ್ಚು ಷೇರು ಇರುವ ಅಂಗಸಂಸ್ಥೆಯಿಂದ ಬಂದ ಡಿವಿಡೆಂಡ್‌ಗೆ ಮಾತ್ರ. ಶೇ. 40 ಪಾಲು ಇದ್ದವರಿಗೆ ಅದೇ ಹಣದ ಮೇಲೆ ಎರಡನೇ ಸಲದ ತೆರಿಗೆ ತಪ್ಪಲಿಲ್ಲ. ಒಡೆತನ ಸ್ವಲ್ಪ ಕಡಿಮೆಯಾದ ಮಾತ್ರಕ್ಕೆ ಲಾಭ ಬೇರೆ ಲಾಭವಾಗುತ್ತದೆಯೇ?

2020ರಲ್ಲಿ ವಿತರಣಾ ತೆರಿಗೆ ಹೋಗಿ, ಡಿವಿಡೆಂಡ್ ಮತ್ತೆ ಪಡೆದವರ ಆದಾಯವಾಯಿತು. ಜೊತೆಗೆ 80ಎಂ ಕಲಂ ಮರಳಿ ಬಂತು; 2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲೂ ಅದರ ತಿರುಳು ಮುಂದುವರಿದಿದೆ. ಈ ಕಲಂ ಕೇಳುವ ಪ್ರಶ್ನೆಯೇ ಬೇರೆ: ಬಂದದ್ದರಲ್ಲಿ ನೀವು ಎಷ್ಟನ್ನು ಮುಂದಕ್ಕೆ ಕೊಟ್ಟಿರಿ? ಕೊಟ್ಟಷ್ಟಕ್ಕೆ ಕಡಿತ, ಉಳಿಸಿಕೊಂಡಷ್ಟಕ್ಕೆ ತೆರಿಗೆ. ಷೇರಿನ ಪಾಲು ಇಷ್ಟೇ ಇರಬೇಕೆಂಬ ಮಿತಿಯಿಲ್ಲ. ರಿಟರ್ನ್ ಸಲ್ಲಿಸುವ ಕೊನೆಯ ದಿನಕ್ಕೆ ಒಂದು ತಿಂಗಳ ಮುಂಚೆ ಹಂಚಿರಬೇಕು. ಅಕ್ಟೋಬರ್ 31 ಗಡುವಾದ ಕಂಪನಿಗೆ ಅದು ಸೆಪ್ಟೆಂಬರ್ 30. ಒಮ್ಮೆ ತೋರಿಸಿದ ಹಂಚಿಕೆಯನ್ನು ಇನ್ನೊಂದು ವರ್ಷ ಮತ್ತೆ ತೋರಿಸುವಂತಿಲ್ಲ.

ನಮ್ಮ ನಡುವಣ ಕಂಪನಿ ಬಂದ 74.83 ಲಕ್ಷದಲ್ಲಿ 50 ಲಕ್ಷ ಮೇಲಕ್ಕೆ ಕೊಟ್ಟು 24.83 ಲಕ್ಷ ಇಟ್ಟುಕೊಂಡರೆ, ಇಟ್ಟುಕೊಂಡದ್ದರ ಮೇಲೆ ಸುಮಾರು 6.25 ಲಕ್ಷ ತೆರಿಗೆ. ಎಲ್ಲವನ್ನೂ ಗಡುವಿನೊಳಗೆ ಕೊಟ್ಟರೆ ಆ ಡಿವಿಡೆಂಡ್ ಮೇಲೆ ತೆರಿಗೆ ಸೊನ್ನೆ. ಸೆಪ್ಟೆಂಬರ್ ಸಭೆ ಅಕ್ಟೋಬರ್‌ಗೆ ಜಾರಿದರೆ ಮಾತ್ರ, ಹಂಚುವ ಮನಸ್ಸಿದ್ದೂ ಆ ವರ್ಷದ ಕಡಿತ ಕೈತಪ್ಪುತ್ತದೆ.

ನನ್ನ ವಾದ ಇದು: ವಿನಾಯಿತಿಗೆ ಗಟ್ಟಿ ನೆಲೆ ಸಿಗುವುದು ಇಲ್ಲೇ. ರೂಪಾಯಿಗೆ ಗುರುತಿನ ಚೀಟಿ ಇಲ್ಲ; ಬಂದ ರೂಪಾಯಿಯನ್ನೇ ಹಂಚಿದಿರಾ ಎಂದು 80ಎಂ ಕೂಡ ಕೇಳುವುದಿಲ್ಲ, ಮೊತ್ತವನ್ನಷ್ಟೇ ನೋಡುತ್ತದೆ. ಲಾಭದ ಗುರುತು ಹುಡುಕುವ ಬದಲು ಅದು ಎಲ್ಲಿ ತಂಗಿತು ಎಂದು ಕೇಳುವುದು ಹೆಚ್ಚು ಪ್ರಾಮಾಣಿಕ. ಹೋಲ್ಡಿಂಗ್ ಕಂಪನಿ ದಾಟಿಸುವ ಕೆಲಸವನ್ನಷ್ಟೇ ಮಾಡಿದರೆ ಅದು ಸುಂಕದ ಕಟ್ಟೆಯಾಗಬಾರದು. ಅಲ್ಲೇ ಹಣ ಕೂಡಿಟ್ಟುಕೊಂಡರೆ ಕುಟುಂಬದವರು ತಮ್ಮ ತೆರಿಗೆಯನ್ನು ವರ್ಷಗಟ್ಟಲೆ ಮುಂದೂಡಲು ಅದು ತಿಜೋರಿಯಾಗುತ್ತದೆ; ಷರತ್ತಿಲ್ಲದ ವಿನಾಯಿತಿ ಈ ತಿಜೋರಿಯನ್ನೂ ಕಾಯುತ್ತದೆ.

ಇದಕ್ಕೆ ಬಲವಾದ ಆಕ್ಷೇಪ ಒಂದಿದೆ. ನಡುವಣ ಕಂಪನಿ ಹಣ ಉಳಿಸಿಕೊಂಡದ್ದು ಇನ್ನೊಂದು ಅಂಗಸಂಸ್ಥೆಯಲ್ಲಿ ಹೊಸ ಕಾರ್ಖಾನೆ ಹಾಕುವುದಕ್ಕಾದರೆ? ಕಾರ್ಖಾನೆ ಕಂಪನಿಯೇ ತನ್ನ ಲಾಭದಿಂದ ಎರಡನೇ ಘಟಕ ತೆರೆದಿದ್ದರೆ ಈ ಎರಡನೇ ತೆರಿಗೆ ಇರುತ್ತಿರಲಿಲ್ಲ. ಸಮೂಹವನ್ನೆಲ್ಲ ಒಂದೇ ತೆರಿಗೆದಾರನೆಂದು ಎಣಿಸುವ ಪದ್ಧತಿ ಭಾರತದಲ್ಲಿ ಇಲ್ಲದ್ದರಿಂದ ಈ ಭೇದ ಉಳಿದುಕೊಂಡಿದೆ. ಆಕ್ಷೇಪ ಸರಿಯೇ. ಆದರೆ ಹೂಡಿಕೆಗೆಂದು ಉಳಿಸಿದ್ದಕ್ಕೆ ವಿನಾಯಿತಿ ಕೊಟ್ಟರೆ, ಯಾವುದು ಹೂಡಿಕೆ, ಯಾವುದು ಕೂಡಿಟ್ಟದ್ದು ಎಂದು ಪ್ರತಿ ರೂಪಾಯಿಯ ಜಾಡು ಹಿಡಿಯಬೇಕಾಗುತ್ತದೆ. ಕಾಯ್ದೆ ಬಿಟ್ಟುಕೊಟ್ಟ ಆ ಕೆಲಸ ವ್ಯಾಜ್ಯಗಳ ಮೂಲಕ ಹಿಂಬಾಗಿಲಿಂದ ಬರುತ್ತದೆ. ಅದಕ್ಕಿಂತ, ಕಂಪನಿ ಕಟ್ಟುವವರೇ ಮೊದಲು ಲೆಕ್ಕ ಹಾಕಲಿ: ಈ ಅಂತಸ್ತು ಲಾಭವನ್ನು ದಾಟಿಸಲೋ, ತಡೆದಿಡಲೋ? ತಡೆದಿಡಲು ಎಂದಾದರೆ ಅದಕ್ಕೊಂದು ದರವಿದೆ. ಅದನ್ನು ಕಾಲು ಭಾಗ ತೆರಿಗೆಯೆಂದು ಮುಂಚೆಯೇ ಬರೆದಿಟ್ಟುಕೊಂಡವರು ಅನಗತ್ಯ ಅಂತಸ್ತು ಏರಿಸುವುದಿಲ್ಲ.