ಕೋಟಾ ಮಾದರಿಗೆ ದೋಷದ ಲೆಕ್ಕ ಏಕಿಲ್ಲ

1948ರ ಅಮೆರಿಕದ ಅಧ್ಯಕ್ಷೀಯ ಚುನಾವಣೆಯಲ್ಲಿ ರಿಪಬ್ಲಿಕನ್ ಪಕ್ಷದ ಡ್ಯೂಯಿ ಗೆಲ್ಲುತ್ತಾರೆಂದು ಗ್ಯಾಲಪ್ ಸಂಸ್ಥೆ ಸಾರಿತ್ತು. ಅವರಿಗೆ ಸುಮಾರು ಶೇ 50 ಮತ ಬರುತ್ತದೆ ಎಂಬುದು ಅದರ ಅಂದಾಜು. ಬಂದದ್ದು ಶೇ 45, ಗೆದ್ದವರು ಟ್ರೂಮನ್. ಆದರೆ ಕೇಳಿದ್ದು ಕಡಿಮೆ ಜನರನ್ನೇನಲ್ಲ, ಸುಮಾರು 50,000 ಮಂದಿಯನ್ನು.

ಆ ಸಮೀಕ್ಷೆ ನಡೆದದ್ದು ಕೋಟಾ ಪದ್ಧತಿಯಲ್ಲಿ. ಸೇಂಟ್ ಲೂಯಿಸ್ ನಗರದ ಒಬ್ಬ ಸಂದರ್ಶಕನಿಗೆ ಕೊಟ್ಟ ಪಟ್ಟಿ ಹೀಗಿತ್ತು: ಒಟ್ಟು 13 ಜನ, ಆರು ಮಂದಿ ಹೊರವಲಯದವರು, ಏಳು ಮಂದಿ ನಗರದೊಳಗಿನವರು, ಏಳು ಗಂಡಸರು, ಆರು ಹೆಂಗಸರು, ಗಂಡಸರಲ್ಲಿ ಮೂವರು ನಲವತ್ತರೊಳಗಿನವರು. ಮನೆ ಬಾಡಿಗೆಗೂ ಕಟ್ಟುಪಾಡಿತ್ತು. ಇಷ್ಟು ಬಿಗಿಯಾದ ಪಟ್ಟಿಯಲ್ಲೂ ಒಂದು ಬಾಗಿಲು ತೆರೆದೇ ಇತ್ತು: ಈ ಅಳತೆಗೆ ಹೊಂದುವ ಯಾರನ್ನು ಮಾತಾಡಿಸಬೇಕೆಂಬುದು ಸಂದರ್ಶಕನ ಇಷ್ಟ. ಆತ ಸಹಜವಾಗಿಯೇ ಸುಲಭವಾಗಿ ಸಿಗುವವರ, ಮಾತಿಗೆ ಒಪ್ಪುವವರ ಬಳಿಗೆ ಹೋಗುತ್ತಾನೆ.

ಸ್ತರೀಕೃತ ಯಾದೃಚ್ಛಿಕ ಮಾದರಿಯಲ್ಲೂ ಜನರನ್ನು ಹೀಗೆಯೇ ಗುಂಪುಗಳಾಗಿ ವಿಂಗಡಿಸುತ್ತಾರೆ. ಕೊನೆಗೆ ಅಚ್ಚಾಗುವ ಕೋಷ್ಟಕದಲ್ಲಿ ಎರಡಕ್ಕೂ ವ್ಯತ್ಯಾಸವೇ ಕಾಣದಿರಬಹುದು. ವ್ಯತ್ಯಾಸ ಇರುವುದು ಗುಂಪಿನೊಳಗೆ ನಡೆಯುವ ಆಯ್ಕೆಯಲ್ಲಿ. ಸ್ತರೀಕೃತ ಮಾದರಿಯಲ್ಲಿ ಗುಂಪಿನ ಎಲ್ಲರ ಪಟ್ಟಿ ಇರುತ್ತದೆ, ಅದರಿಂದ ಹೆಸರನ್ನು ಎತ್ತುವುದು ಯಾದೃಚ್ಛಿಕ ಸಂಖ್ಯೆ. ಒಂದು ಗುಂಪಿನ 2,000 ಜನರಲ್ಲಿ 20 ಮಂದಿಯನ್ನು ಎತ್ತಿದರೆ, ಪ್ರತಿಯೊಬ್ಬರಿಗೂ ಇದ್ದ ಅವಕಾಶ ನೂರಕ್ಕೆ ಒಂದು.

ಮಾದರಿ ದೋಷ ಹುಟ್ಟುವುದೇ ಈ ಅವಕಾಶದಿಂದ. ಅದು ಕೈಗೆ ಬಂದ ಒಂದು ಮಾದರಿಯ ಗುಣವಲ್ಲ. ಅದೇ ವಿಧಾನದಿಂದ ಬರಬಹುದಾಗಿದ್ದ ಎಲ್ಲ ಮಾದರಿಗಳ ಉತ್ತರಗಳು ಎಷ್ಟು ಚದುರುತ್ತಿದ್ದವು ಎಂಬುದರ ಅಳತೆ. ಯಾವ ಮಾದರಿ ಬರುವ ಸಂಭವ ಎಷ್ಟು ಎಂದು ತಿಳಿದಿದ್ದರಷ್ಟೇ ಈ ಚದುರುವಿಕೆಯನ್ನು ಲೆಕ್ಕ ಹಾಕಬಹುದು. ಸಂದರ್ಶಕ ತಾನೇ ಆರಿಸಿದ 13 ಜನರಿಗೆ ಅಂಥ ಸಂಭವವನ್ನು ಯಾರೂ ಬರೆದಿಟ್ಟಿಲ್ಲ, ಬರೆಯಲು ಸಾಧ್ಯವೂ ಇಲ್ಲ. ನಗರದ ಕೆಲವರಿಗೆ ಅದು ಸೊನ್ನೆಯೇ ಆಗಿರಬಹುದು.

ಆದರೂ ಸೂತ್ರಕ್ಕೆ ಅಂಕಿ ಹಾಕಿ ನೋಡೋಣ. 50,000 ಜನರ ಸರಳ ಯಾದೃಚ್ಛಿಕ ಮಾದರಿಗೆ, ಶೇ 95ರ ವಿಶ್ವಾಸ ಮಟ್ಟದಲ್ಲಿ, ದೋಷದ ಮಿತಿ ಅರ್ಧ ಶೇಕಡಾ ಅಂಶಕ್ಕಿಂತ ಕಡಿಮೆ. ನಿಜವಾಗಿ ಆದ ತಪ್ಪು ಐದು ಅಂಶ. ಇಷ್ಟು ದೊಡ್ಡ ಅಂತರವನ್ನು ದುರದೃಷ್ಟ ಎನ್ನಲಾಗದು. ಗ್ಯಾಲಪ್ ಸಮೀಕ್ಷೆಯನ್ನು ಮತದಾನಕ್ಕೆ ಮುಂಚೆಯೇ ನಿಲ್ಲಿಸಿತ್ತು, ಕೊನೆಯ ದಿನಗಳಲ್ಲಿ ಮನಸ್ಸು ಬದಲಿಸಿದವರಿದ್ದರು ಎಂಬುದು ನಿಜ. ಆದರೆ 1936, 1940, 1944ರಲ್ಲೂ ಅದರ ಅಂದಾಜು ರಿಪಬ್ಲಿಕನ್ನರಿಗೆ ಸಿಕ್ಕಿದ್ದಕ್ಕಿಂತ ಹೆಚ್ಚು ಮತ ಕೊಟ್ಟಿತ್ತು. ಯಾದೃಚ್ಛಿಕ ದೋಷ ನಾಲ್ಕು ಸಲವೂ ಒಂದೇ ಕಡೆಗೆ ವಾಲುವುದು ಅಪರೂಪ. ಇದು ಆಯ್ಕೆಯ ವಾಲಿಕೆ. ಇನ್ನೂ 50,000 ಜನರನ್ನು ಹೀಗೆಯೇ ಆರಿಸಿದ್ದರೆ ಅದು ಕರಗುತ್ತಿರಲಿಲ್ಲ.

ಯಾದೃಚ್ಛಿಕ ಮಾದರಿಯಲ್ಲೂ ಬಾಗಿಲು ತೆರೆಯದವರು ಇರುತ್ತಾರೆ. ಅವರು ಹೆಚ್ಚಾದಂತೆ ಅಲ್ಲಿಯ ಲೆಕ್ಕವೂ ಸಡಿಲವಾಗುತ್ತದೆ. ಆದರೆ ಅಲ್ಲಿ ಯಾರನ್ನು ಹುಡುಕಿ ಹೋದೆವು, ಎಷ್ಟು ಮಂದಿ ಸಿಗಲಿಲ್ಲ ಎಂಬ ಪಟ್ಟಿ ಕೈಯಲ್ಲಿರುತ್ತದೆ. ಕೋಟಾದಲ್ಲಿ ಒಬ್ಬರು ಒಲ್ಲೆ ಎಂದರೆ ಪಕ್ಕದವರು ಅವರ ಜಾಗ ತುಂಬುತ್ತಾರೆ, ಒಲ್ಲೆ ಎಂದವರ ಗುರುತೇ ಉಳಿಯದೆ ಹೋಗುತ್ತದೆ. ಅಂಥ ಸಮೀಕ್ಷೆಯ ಕೆಳಗೆ ‘ಶೇ 3ರಷ್ಟು ಹೆಚ್ಚುಕಡಿಮೆ’ ಎಂದು ಅಚ್ಚು ಹಾಕಬಾರದು. ಜನರನ್ನು ಆರಿಸಿದ್ದು ಹೇಗೆಂದು ಆ ಜಾಗದಲ್ಲಿ ಬರೆಯಬೇಕು.